ಹಪ್ಪಳ ಶೆಡ್ಡಿನ ಹಾಜರಿ ಇನ್ನು ಫೋನಿನಲ್ಲಿ: ತುಂಬುವುದು ಹೇಗೆ

ಎಲ್ಲ ಸದಸ್ಯೆಯರಿಗೂ ನಮಸ್ಕಾರ.

ಏಪ್ರಿಲ್ 1ರಿಂದ ನಮ್ಮ ಹಪ್ಪಳ ಶೆಡ್ಡಿನ ಹಾಜರಿಯನ್ನು ನೀವೇ ನಿಮ್ಮ ನಿಮ್ಮ ಫೋನಿನಲ್ಲಿ ತುಂಬಬೇಕು. ಇಷ್ಟರವರೆಗೆ ಐದು ಗುಂಪಿನಿಂದ ಐದು ಚೀಟಿ ಬಂದು, ಅದನ್ನು ಪುಸ್ತಕಕ್ಕೆ ಏರಿಸಿ, ತಿಂಗಳ ಕೊನೆಗೆ ಮತ್ತೊಮ್ಮೆ ಕೂಡಿಸಿ ಮಜೂರಿ ಲೆಕ್ಕ ಹಾಕುವುದಾಗಿತ್ತು. ಒಂದು ಚೀಟಿ ಒದ್ದೆಯಾದರೂ ಸಾಕು, ಯಾರದೋ ಎರಡು ದಿನದ ಮಜೂರಿ ತಪ್ಪುತ್ತಿತ್ತು. ಹೊಸ ಶೀಟಿನಲ್ಲಿ ನಿಮ್ಮ ಸಾಲನ್ನು ನೀವೇ ತುಂಬುತ್ತೀರಿ, ಒಟ್ಟು ಎಷ್ಟು ದಿನ ಆಯಿತು ಎಂದು ಆಗಲೇ ನೋಡಬಹುದು. ಕೆಳಗಿನದನ್ನು ಒಮ್ಮೆ ನಿಧಾನವಾಗಿ ಓದಿ. ಓದಲು ಕಷ್ಟ ಆಗುವವರಿಗೆ ಮನೆಯ ಮಕ್ಕಳು ಓದಿ ಹೇಳಲಿ.

ಮೊದಲು ಮಾಡಬೇಕಾದದ್ದು ಎರಡು ಕೆಲಸ, ಎರಡೂ ಒಂದು ಸಲಕ್ಕೆ ಮಾತ್ರ. ಪ್ಲೇ ಸ್ಟೋರಿನಿಂದ Google Sheets ಎಂಬ ಆ್ಯಪ್ ಹಾಕಿಕೊಳ್ಳಿ. ಹಸಿರು ಕಾಗದದ ಮೇಲೆ ಬಿಳಿ ಚೌಕಗಳ ಚಿತ್ರ ಉಂಟು, ಹಣ ಕೊಡಬೇಕಾಗಿಲ್ಲ. ಆ್ಯಪ್ ಇಲ್ಲದೆ ಲಿಂಕ್ ಒತ್ತಿದರೆ ಶೀಟು ನೋಡಲು ಸಿಗುತ್ತದೆ, ಫೋನಿನಲ್ಲಿ ತುಂಬಲು ಆಗುವುದಿಲ್ಲ. ಎರಡನೆಯದು, ನಿಮ್ಮ ಜಿಮೇಲ್ ವಿಳಾಸವನ್ನು ನನಗೆ ಕಳುಹಿಸಿ. ಗುಂಪಿನಲ್ಲಿ ಹಾಕಬೇಡಿ, ನನ್ನ ನಂಬರಿಗೆ ಮಾತ್ರ. ವಿಳಾಸ ನೆನಪಿಲ್ಲದಿದ್ದರೆ ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆ ಇರುವ ಉರುಟು ಚಿತ್ರವನ್ನು ಒತ್ತಿ. ನಿಮ್ಮ ಹೆಸರಿನ ಹತ್ತಿರವೇ gmail.com ಎಂದು ಮುಗಿಯುವ ವಿಳಾಸ ಕಾಣುತ್ತದೆ. ಅದರ ಫೋಟೋ ತೆಗೆದು ಕಳುಹಿಸಿದರೂ ಆಯಿತು.

ವಿಳಾಸ ಯಾಕೆ ಬೇಕು ಎಂದು ಕೆಲವರು ಕೇಳಿದ್ದೀರಿ, ಕೇಳಬೇಕಾದ ಪ್ರಶ್ನೆಯೇ. ಲಿಂಕ್ ಸಿಕ್ಕಿದವರೆಲ್ಲ ತುಂಬುವ ಹಾಗೆ ಶೀಟನ್ನು ಬಿಟ್ಟರೆ ಯಾರು ಯಾವ ಚೌಕ ಬದಲಾಯಿಸಿದರು ಎಂದು ಗೊತ್ತಾಗುವುದಿಲ್ಲ. ವಿಳಾಸ ಸೇರಿಸಿದರೆ ಯಾವ ಚೌಕವನ್ನು ಯಾವಾಗ, ಯಾರ ಖಾತೆಯಿಂದ ತಿದ್ದಿದ್ದು ಎಂಬುದು ಆಫೀಸಿನ ಕಂಪ್ಯೂಟರಿನಲ್ಲಿ ಕಾಣುತ್ತದೆ. ನಾಳೆ ಮಜೂರಿಯ ಬಗ್ಗೆ ಮಾತು ಬಂದರೆ ಯಾರ ಮೇಲೂ ಸಂಶಯ ಪಡುವ ಅಗತ್ಯ ಇರುವುದಿಲ್ಲ. ಆದ್ದರಿಂದ ಮಗನ ಅಥವಾ ಯಜಮಾನರ ಫೋನಿನಿಂದ ತುಂಬುವವರು ಆ ಫೋನಿನಲ್ಲಿರುವ ವಿಳಾಸವನ್ನೇ ಕೊಡಿ, ಅದು ಯಾರದ್ದು ಎಂದೂ ತಿಳಿಸಿ.

ಇನ್ನು ಶೀಟು ಹೇಗೆ ಉಂಟು ಎಂದು ಹೇಳುತ್ತೇನೆ. ಕೆಳಗಡೆ ತಿಂಗಳ ಹೆಸರು ಉಂಟು, ಈಗ "ಏಪ್ರಿಲ್" ಒಂದೇ. ಮೇಲಿನ ಮೊದಲ ಸಾಲಿನಲ್ಲಿ 1ರಿಂದ 30ರವರೆಗೆ ತಾರೀಕು. ಎಡಗಡೆ ಮೊದಲು ಸದಸ್ಯ ಸಂಖ್ಯೆ, ಪಕ್ಕದಲ್ಲಿ ಹೆಸರು. ಶೀಟನ್ನು ಎತ್ತ ಸರಿಸಿದರೂ ಹೆಸರು ಮತ್ತು ತಾರೀಕು ಜಾಗ ಬಿಟ್ಟು ಹೋಗುವುದಿಲ್ಲ, ಹಾಗೆ ನಿಲ್ಲಿಸಿ ಇಟ್ಟಿದ್ದೇನೆ. ಬೂದು ಬಣ್ಣದ ಕಂಬಗಳು ಭಾನುವಾರ ಮತ್ತು ಬಿಸು ಹಬ್ಬದ ರಜೆ. ಅಲ್ಲಿ ಎಂತದೂ ತುಂಬಲಿಕ್ಕಿಲ್ಲ.

ಒಂದು ವಿಷಯದಲ್ಲಿ ತುಂಬ ಜಾಗ್ರತೆ ಬೇಕು. ತೀರಾ ಎಡತುದಿಯಲ್ಲಿ ಸಣ್ಣ ಅಕ್ಷರದಲ್ಲಿ 1, 2, 3 ಎಂದು ಕಾಣುವುದು ಶೀಟಿನದ್ದೇ ಸಾಲಿನ ಲೆಕ್ಕ, ನಿಮ್ಮ ಸದಸ್ಯ ಸಂಖ್ಯೆ ಅಲ್ಲ. ಮೊದಲ ಸಾಲು ತಾರೀಕಿಗೆ ಹೋದ ಕಾರಣ ಎಲ್ಲರದ್ದೂ ಒಂದೊಂದು ಕೆಳಗೆ ಇಳಿದಿದೆ. ಸದಸ್ಯ ಸಂಖ್ಯೆ 23ರವರು ಇರುವುದು 24ನೇ ಸಾಲಿನಲ್ಲಿ. ಎಡತುದಿಯ 23 ನೋಡಿ ತುಂಬಿದರೆ ನಿಮ್ಮ ಹಾಜರಿ 22ನೇ ಸದಸ್ಯೆಗೆ ಹೋಗುತ್ತದೆ. ಅಂಕಿ ನೋಡುವುದೇ ಬೇಡ, ಹೆಸರು ನೋಡಿ ತುಂಬಿ.

ಈಗ ತುಂಬುವ ಕ್ರಮ. 23ನೇ ಸದಸ್ಯೆ ಏಪ್ರಿಲ್ 8ರಂದು ಕೆಲಸಕ್ಕೆ ಬಂದರು ಎಂದಿಟ್ಟುಕೊಳ್ಳಿ. ಆ್ಯಪ್ ತೆರೆದರೆ ಪಟ್ಟಿಯಲ್ಲಿ "ಹಪ್ಪಳ ಹಾಜರಿ" ಕಾಣುತ್ತದೆ; ಮೊದಲ ಸಲ ಮಾತ್ರ ವಾಟ್ಸಾಪಿನ ಲಿಂಕ್ ಒತ್ತಬೇಕು, ಆಮೇಲೆ ಗುಂಪಿನಲ್ಲಿ ಹುಡುಕುವುದು ಬೇಡ. ಶೀಟು ತೆರೆದ ಮೇಲೆ ಎರಡು ಬೆರಳಿನಿಂದ ಅಗಲಿಸಿ ಅಕ್ಷರ ದೊಡ್ಡದು ಮಾಡಿಕೊಳ್ಳಿ. ನಿಮ್ಮ ಹೆಸರಿನ ಸಾಲಿನಲ್ಲೇ ಬಲಕ್ಕೆ ಸರಿದು 8ರ ಕೆಳಗೆ ಬನ್ನಿ. ಆ ಚೌಕವನ್ನು ಒಮ್ಮೆ ಒತ್ತಿದರೆ ಸುತ್ತ ಬಣ್ಣದ ಗೆರೆ ಬರುತ್ತದೆ. ಚೌಕದೊಳಗಿನ ಸಣ್ಣ ಬಾಣವನ್ನು ಒತ್ತಿ. ಮೂರು ಆಯ್ಕೆ ಬರುತ್ತದೆ: "ಹಾ" ಅಂದರೆ ಇಡೀ ದಿನ ಹಾಜರು, "ಅ" ಅಂದರೆ ಅರ್ಧ ದಿನ, "ರ" ಅಂದರೆ ಹೇಳಿ ಹಾಕಿದ ರಜೆ. ಬೇಕಾದದ್ದನ್ನು ಒತ್ತಿ. ಅಲ್ಲಿಗೆ ಮುಗಿಯಿತು. ಉಳಿಸುವ ಗುಂಡಿ ಎಂದು ಬೇರೆ ಇಲ್ಲ, ತಾನಾಗಿಯೇ ಉಳಿಯುತ್ತದೆ.

ಮಧ್ಯಾಹ್ನ ಊಟಕ್ಕೆ ಹೋಗಿ ಮತ್ತೆ ಬಾರದವರು, ಊಟದ ನಂತರ ಮಾತ್ರ ಬಂದವರು "ಅ" ಹಾಕಿ. ಬೆಳಿಗ್ಗೆ "ಹಾ" ಹಾಕಿ ಮಧ್ಯಾಹ್ನ ಹೊರಟರೆ ಅದೇ ಚೌಕವನ್ನು ಮತ್ತೆ ಒತ್ತಿ "ಅ" ಮಾಡಿದರಾಯಿತು. ಬಾರದ ದಿನ ಚೌಕವನ್ನು ಖಾಲಿ ಬಿಡಬೇಡಿ, "ರ" ಹಾಕಿ. ಮಜೂರಿಗೆ ಎರಡೂ ಒಂದೇ. ಆದರೆ ಖಾಲಿ ಇದ್ದರೆ ನೀವು ಬರಲಿಲ್ಲವೋ, ಬಂದು ತುಂಬಲು ಮರೆತಿರೋ ಎಂದು ತಿಳಿಯದೆ ಸಂಜೆ ನಾನು ಫೋನು ಮಾಡಬೇಕಾಗುತ್ತದೆ.

ಬಾಣ ಒತ್ತಿ ಆರಿಸುವುದು ಬಿಟ್ಟು ಕೈಯಿಂದ ಟೈಪ್ ಮಾಡಬೇಡಿ. ಕಾರಣ ಇಷ್ಟೇ: ಒಟ್ಟು ದಿನವನ್ನು ಕೂಡಿಸುವುದು ಈ ಸೂತ್ರ, ಇದು 24ನೇ ಸಾಲಿನದ್ದು.

```
=COUNTIF(C24:AF24,"ಹಾ")+COUNTIF(C24:AF24,"ಅ")*0.5
```

ಇದಕ್ಕೆ ಗೊತ್ತಿರುವುದು ಸರಿಯಾಗಿ "ಹಾ" ಮತ್ತು "ಅ" ಮಾತ್ರ. "ಹಾಜರ್", "ಹಾ.", "ಹ" ಎಂದರೆ ಅದಕ್ಕೆ ಗುರುತು ಸಿಗುವುದಿಲ್ಲ. ಕೀಬೋರ್ಡು ತಾನಾಗಿ ಶಬ್ದದ ಹಿಂದೆ ಒಂದು ಖಾಲಿ ಜಾಗ ಸೇರಿಸಿದರೂ ಅಷ್ಟೇ. ಕಣ್ಣಿಗೆ "ಹಾ" ಎಂದೇ ಕಾಣುತ್ತದೆ, ಲೆಕ್ಕಕ್ಕೆ ಸಿಗುವುದಿಲ್ಲ. ತಪ್ಪು ಟೈಪ್ ಮಾಡಿದರೆ ಶೀಟು ಒಪ್ಪದ ಹಾಗೆ ಕಟ್ಟುಮಾಡಿದ್ದೇನೆ. ಆದರೆ ಬೇರೆ ಕಡೆಯಿಂದ ನಕಲು ತೆಗೆದು ಅಂಟಿಸಿದರೆ ಆ ಕಟ್ಟು ಅಳಿಸಿಹೋಗುತ್ತದೆ. ಹಾಗಾಗಿ ಒಂದೇ ಸಲ ವಾರದ್ದೆಲ್ಲ ಅಂಟಿಸುವ ಉಪಾಯ ಬೇಡ. ನಿಮ್ಮ ಒಟ್ಟು ಬಲತುದಿಯ AG ಕಂಬದಲ್ಲಿ ಬರುತ್ತದೆ. 22 ಇಡೀ ದಿನ, 3 ಅರ್ಧ ದಿನ ಆದರೆ 23.5 ಎಂದು ಇರಬೇಕು. ಶನಿವಾರ ಒಮ್ಮೆ ಬೆರಳಲ್ಲಿ ಎಣಿಸಿ ತಾಳೆ ನೋಡಿ, ಹೊಂದದಿದ್ದರೆ ಅಂದೇ ಹೇಳಿ.

ಯಾವಾಗ ತುಂಬುವುದು? ಶೆಡ್ಡಿಗೆ ಬಂದ ಕೂಡಲೇ, ಕೈಗೆ ಎಣ್ಣೆ ಹಚ್ಚುವ ಮೊದಲು. ಹಲಸಿನ ಮೇಣ ಹಿಡಿದ ಕೈಗೆ, ಎಣ್ಣೆ ಕೈಗೆ, ಒದ್ದೆ ಕೈಗೆ ಫೋನಿನ ಪರದೆ ಸರಿಯಾಗಿ ಮಾತು ಕೇಳುವುದಿಲ್ಲ. ಒಂದು ಕಡೆ ಒತ್ತಿದರೆ ಪಕ್ಕದ ಚೌಕ ಹಿಡಿಯುತ್ತದೆ, ಸಿಟ್ಟಿನಲ್ಲಿ ಎರಡು ಸಲ ಒತ್ತಿದರೆ ಕೀಬೋರ್ಡು ಏಳುತ್ತದೆ. ಮೇಣವನ್ನು ಪರದೆಯಿಂದ ತೆಗೆಯುವುದೂ ಸುಲಭ ಅಲ್ಲ. ಚಪ್ಪಲಿ ಬಿಡುವಲ್ಲಿಯೇ ನಿಂತು ತುಂಬಿ, ಫೋನು ಚೀಲದಲ್ಲಿಟ್ಟು, ಆಮೇಲೆ ಸೊಳೆ ಬಿಡಿಸಲು ಕೂತುಕೊಳ್ಳಿ.

ನೆಟ್‌ವರ್ಕಿನ ಮಾತು. ಶೆಡ್ಡಿನ ತಗಡಿನ ಮಾಡಿನ ಕೆಳಗೆ ಸಿಗ್ನಲ್ ಹೋಗಿ ಬಂದು ಮಾಡುತ್ತದೆ, ಹೆಬ್ರಿ ಕಡೆಯಿಂದ ಬರುವವರಿಗೆ ಮನೆಯಲ್ಲೂ ಅದೇ ಗತಿ. ಸಿಗ್ನಲ್ ಇರುವಲ್ಲಿ ಒಮ್ಮೆ ಶೀಟು ತೆರೆದು, ಮೇಲೆ ಬಲಗಡೆಯ ಮೂರು ಚುಕ್ಕೆ ಒತ್ತಿ, Available offline ಎಂಬುದನ್ನು ಚಾಲು ಮಾಡಿ ಇಡಿ. ಆಮೇಲೆ ನೆಟ್ ಇಲ್ಲದಿದ್ದರೂ ತುಂಬಬಹುದು, ಸಿಗ್ನಲ್ ಬಂದಾಗ ನಮಗೆ ತಲಪುತ್ತದೆ. ಸಂಜೆ ಮನೆಗೆ ಹೋದ ಮೇಲೆ ನೆಟ್ ಹಾಕಿ ಒಮ್ಮೆ ಶೀಟು ತೆರೆಯಲು ಮರೆಯಬೇಡಿ. ಅದಕ್ಕಿಂತ ಮೊದಲು ಆ್ಯಪ್ ತೆಗೆದುಹಾಕಿದರೆ ತುಂಬಿದ್ದು ನಮಗೆ ತಲಪದೆ ಅಳಿಸಿಹೋದೀತು.

ಲಿಂಕ್ ಒತ್ತಿದಾಗ Request access ಎಂದು ಬಂದರೆ ಗಾಬರಿ ಬೇಡ. ಬಹುಮಟ್ಟಿಗೆ ಫೋನಿನಲ್ಲಿ ಎರಡು ಜಿಮೇಲ್ ಇದ್ದು, ಇನ್ನೊಂದರಿಂದ ತೆರೆದಿರುತ್ತದೆ. ಆ್ಯಪಿನ ಮೇಲೆ ಬಲಗಡೆಯ ಉರುಟು ಚಿತ್ರ ಒತ್ತಿ, ನನಗೆ ಕೊಟ್ಟ ವಿಳಾಸವನ್ನು ಆರಿಸಿ ಮತ್ತೆ ತೆರೆಯಿರಿ. ಬೇರೆಯವರ ಚೌಕವನ್ನು ಅಪ್ಪಿತಪ್ಪಿ ಬದಲಾಯಿಸಿದರೆ ಮೇಲಿರುವ ಎಡಕ್ಕೆ ಬಗ್ಗಿದ ಬಾಣವನ್ನು ಒಮ್ಮೆ ಒತ್ತಿ, ಹಿಂದಿನದ್ದು ಬರುತ್ತದೆ. ಶೀಟು ಮುಚ್ಚಿ ಆಗಿದ್ದರೆ ನನಗೆ ಹೇಳಿ, ಹಳೆಯದನ್ನು ತರಲು ದಾರಿ ಉಂಟು. ಅಡಗಿಸುವುದು ಮಾತ್ರ ಬೇಡ. ನೀವು ತುಂಬುವಾಗ ಬೇರೆ ಚೌಕಗಳ ಸುತ್ತ ಬೇರೆ ಬೇರೆ ಬಣ್ಣದ ಗೆರೆ ಕಂಡರೆ ಅದು ಕೆಟ್ಟದ್ದಲ್ಲ, ಅದೇ ಹೊತ್ತಿಗೆ ಇನ್ನೊಬ್ಬರು ತುಂಬುತ್ತಿದ್ದಾರೆ ಎಂದರ್ಥ. 46 ಜನವೂ ಒಟ್ಟಿಗೆ ತುಂಬಬಹುದು.

Make a copy ಒತ್ತಬೇಡಿ. ಒತ್ತಿದರೆ ನಿಮ್ಮದೇ ಬೇರೆ ಶೀಟು ಹುಟ್ಟುತ್ತದೆ. ಇಡೀ ತಿಂಗಳು ಅದರಲ್ಲಿ ತುಂಬಿದರೂ ನನಗೆ ಒಂದು ದಿನವೂ ಕಾಣುವುದಿಲ್ಲ. ಮೇಲಿನ ಹೆಸರು "Copy of" ಎಂದು ಶುರುವಾದರೆ ಅದು ನಕಲು, ಹೊರಗೆ ಬನ್ನಿ.

ಪ್ರತಿ ಭಾನುವಾರ ರಾತ್ರಿ ಹಿಂದಿನ ವಾರದ ಕಂಬಗಳಿಗೆ ಬೀಗ ಹಾಕುತ್ತೇನೆ. ಆಮೇಲೆ ತಿದ್ದಬೇಕಿದ್ದರೆ ನಿಮ್ಮ ಗುಂಪಿನ ಮುಖ್ಯಸ್ಥೆಯ ಮೂಲಕ ತಿಳಿಸಿ. ಫೋನು ಇಲ್ಲದ 7 ಜನರ ಹಾಜರಿಯನ್ನು ಆಯಾ ಮುಖ್ಯಸ್ಥೆಯರೇ ತುಂಬುತ್ತಾರೆ, ಅವರ ಎದುರಿಗೇ ತುಂಬಿ ತೋರಿಸಬೇಕು. ಏಪ್ರಿಲ್ ಪೂರ್ತಿ ಚೀಟಿಯೂ ಜೊತೆಗೆ ನಡೆಯುತ್ತದೆ. ಎರಡೂ ತಾಳೆ ಆದರೆ ಮಾತ್ರ ಮೇ ತಿಂಗಳಿಂದ ಚೀಟಿ ಬಿಡುವುದು. ಇನ್ನೊಂದು, ಇದು ಕೆಲಸದ ಹಾಜರಿ ಮಾತ್ರ. ಮಹಾಸಭೆಗೆ ಬಂದಾಗ ಪುಸ್ತಕದಲ್ಲಿ ಸಹಿ ಹಾಕುವುದು ಮೊದಲಿನಂತೆಯೇ ಇರುತ್ತದೆ.

ಈ ಶೀಟು ನಿಮ್ಮ ಹತ್ತಿರ ಒಟಿಪಿ, ಆಧಾರ್ ನಂಬರು, ಬ್ಯಾಂಕಿನ ವಿವರ ಯಾವತ್ತೂ ಕೇಳುವುದಿಲ್ಲ. ಸಂಘದ ಹೆಸರು ಹೇಳಿ, ಹಾಜರಿಗೆ ಬೇಕು ಎಂದು ಯಾರಾದರೂ ಕೇಳಿದರೆ ಕೊಡಬೇಡಿ, ಫೋನು ಇಟ್ಟು ನನಗೆ ತಿಳಿಸಿ.

ಭಾನುವಾರ ಸಂಜೆ 4 ಗಂಟೆಗೆ ಶೆಡ್ಡಿನ ಜಗಲಿಯಲ್ಲಿ ಎಲ್ಲರೂ ಒಟ್ಟಿಗೆ ತುಂಬಿ ನೋಡುವ. ಅಲ್ಲಿ ಸಿಗ್ನಲ್ ಚೆನ್ನಾಗಿ ಉಂಟು. ಆ್ಯಪನ್ನು ಮನೆಯಲ್ಲೇ ಹಾಕಿಕೊಂಡು, ಫೋನು ಚಾರ್ಜು ಮಾಡಿ ತನ್ನಿ. ಓದುವ ಕನ್ನಡಕ ಇರುವವರು ಅದನ್ನೂ ತನ್ನಿ. ಜಿಮೇಲ್ ವಿಳಾಸ ಶುಕ್ರವಾರದೊಳಗೆ ನನಗೆ ಸಿಗಲಿ, ಶನಿವಾರ ಎಲ್ಲರನ್ನೂ ಸೇರಿಸಿ ಲಿಂಕ್ ಕಳುಹಿಸುತ್ತೇನೆ.

ನಿಮ್ಮ
ಕಾರ್ಯದರ್ಶಿ