ಹಗೇವಿನ ದೀಪ: ತೊಗಲುಗೊಂಬೆ ಶೈಲಿಯ ಅನಿಮೇಶನ್ ಕಿರುಚಿತ್ರದ ಚಿತ್ರಕಥೆ

ಅವಧಿ: 7 ನಿಮಿಷ.
ಸ್ಥಳ: ವಿಜಯಪುರ ಜಿಲ್ಲೆಯಲ್ಲಿ ಡೋಣಿ ನದಿಯ ದಂಡೆಯ ಮೇಲಿನ ಒಂದು ಹಳ್ಳಿ. ಕಾಲ: ಎರಡು ವರ್ಷ ಮಳೆ ತಪ್ಪಿದ ಬರಗಾಲ.

ದೃಶ್ಯಶೈಲಿ

ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಒಂದು ದೀಪವಿರುತ್ತದೆ, ಹದ ಮಾಡಿ ತೆಳುವಾಗಿಸಿದ ಚರ್ಮದ ಮೂಲಕ ಅದರ ಬೆಳಕು ಹಾದುಬಂದಾಗಲೇ ಗೊಂಬೆಗೆ ಬಣ್ಣ ಬರುತ್ತದೆ. ನಮ್ಮ ಚಿತ್ರಕ್ಕೂ ಅದೇ ನಿಯಮ. ಬೆಳಕು ಯಾವಾಗಲೂ ಗೊಂಬೆಯ ಹಿಂದಿನಿಂದ ಬರಬೇಕು, ಮುಂದಿನಿಂದ ಒಂದು ಕಿರಣವೂ ಬೀಳಬಾರದು. ಕಥೆಯೊಳಗಿನ ಹಣತೆ ಮತ್ತು ಪರದೆಯ ಹಿಂದಿನ ದೀಪ ಎರಡೂ ಒಂದೇ ಆಗಿರುವುದರಿಂದ, ಹಣತೆ ಆರಿದ ಕ್ಷಣ ಪರದೆಯೂ ಪೂರ್ತಿ ಕಪ್ಪಾಗುತ್ತದೆ.

ಚಲನೆ ನಯವಾಗಬಾರದು. ಸೆಕೆಂಡಿಗೆ 24 ಫ್ರೇಮುಗಳಿದ್ದರೂ ಭಂಗಿಗಳು 12 ಮಾತ್ರ ಇರಲಿ. ಭುಜ, ಮೊಣಕೈ ಮತ್ತು ಸೊಂಟದಲ್ಲಿ ದಾರದ ಗಂಟು ಕಾಣಲಿ, ಗೊಂಬೆಯನ್ನು ಹಿಡಿದ ಬಿದಿರುಕಡ್ಡಿಯ ಮಸುಕು ನೆರಳನ್ನೂ ಅಳಿಸುವುದು ಬೇಡ. ತೊಗಲುಗೊಂಬೆಯಾಟದಲ್ಲಿ ನಗಿಸುವ ಜೋಡಿಯಾದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನನ್ನು ಕರೆತರಬೇಕೆಂಬ ಆಸೆ ಬಹಳವಿತ್ತು, ಆದರೆ ಅವರು ಬಂದರೆ ಆಟ ಅವರದೇ ಆಗಿಬಿಡುತ್ತದೆ ಮತ್ತು ಹಸಿವಿನ ಈ ಕಥೆಗೆ ಬೇಕಾದ ಮೌನ ಉಳಿಯುವುದಿಲ್ಲ. ಆದ್ದರಿಂದ ಅವರನ್ನು ಬಿಟ್ಟಿದ್ದೇನೆ.

ಪಾತ್ರವಿನ್ಯಾಸ

ಗುರವ್ವ: ಎಪ್ಪತ್ತು ದಾಟಿದ ಮುದುಕಿ, ಬೆನ್ನು ಬಾಗಿದ್ದರೂ ಕತ್ತು ನೆಟ್ಟಗಿದೆ. ಗುಳೇದಗುಡ್ಡದ ಖಣದ ಕುಪ್ಪಸ, ಇಳಕಲ್ ಸೀರೆ. ಸೀರೆಯ ಸೆರಗಿನಲ್ಲಿರುವ ತೋಪುತೆನೆಯ ವಿನ್ಯಾಸವನ್ನು ಬಣ್ಣದಿಂದ ಬರೆಯದೆ ಉಳಿಯಿಂದ ರಂಧ್ರ ಕೊರೆದು ಮಾಡಬೇಕು. ಇಡೀ ಊರಿನಲ್ಲಿ ಕಾಣುವ ಜೋಳದ ತೆನೆ ಅವಳ ಸೆರಗಿನಲ್ಲಿ ಮಾತ್ರ ಇರುವುದರಿಂದ, ಅವಳು ನಡೆದಾಗಲೆಲ್ಲ ಆ ರಂಧ್ರಗಳಿಂದ ಬೆಳಕು ಕಾಳಿನಂತೆ ಉದುರಿದ ಹಾಗೆ ಕಾಣಬೇಕು.

ಗೌಡ: ನೆಲದೊಳಗೆ ಕಾಳು ಕೂಡಿಡುವ ಗುಂಡಿಯಾದ ಹಗೇವಿನ ಆಕಾರವೇ ಇವನ ಆಕಾರ, ಬಾಯಿ ಕಿರಿದು, ಹೊಟ್ಟೆ ಅಗಲ. ದೊಡ್ಡ ಪಟಗ, ಬಿಳಿ ಧೋತರ. ಇವನ ಚರ್ಮವನ್ನು ದಪ್ಪವಾಗಿಯೇ ಬಿಡಬೇಕು, ಕೊನೆಯ ದೃಶ್ಯದವರೆಗೆ ಬೆಳಕು ಇವನೊಳಗೆ ಹಾಯಬಾರದು. ಇವನನ್ನು ಕ್ರೂರಿಯಂತೆ ತೋರಿಸುವುದು ಬೇಡ. ಮುಂದಿನ ವರ್ಷವೂ ಮಳೆ ಬಾರದಿದ್ದರೆ ಎಂಬ ಹೆದರಿಕೆ ಇವನ ಅಗಲವಾದ ಕಣ್ಣಿನಲ್ಲಿದೆ.

ಯಮನಪ್ಪ: ಗೌಡನ ಆಳುಮಗ, ಹದಿನೆಂಟರ ಹುಡುಗ. ಹೆಗಲ ಮೇಲೆ ಕಂಬಳಿ, ಎಣಿಸುವಂತೆ ಕಾಣುವ ಪಕ್ಕೆಲುಬು.

ಇರುವೆಗಳು: ಒಂದೊಂದಕ್ಕೂ ಮೂರೇ ರಂಧ್ರ. ಬಾಯಲ್ಲಿರುವ ಜೋಳದ ಕಾಳು ಮಾತ್ರ ಬಿಳಿಯಾಗಿ ಹೊಳೆಯುತ್ತದೆ.

ನಿರೂಪಕರ ಧ್ವನಿ

ವಯಸ್ಸಾದ ಹೆಣ್ಣುದನಿ, ಅವಸರವಿಲ್ಲದ್ದು. ನಿರೂಪಣೆ ಬರಹದ ಕನ್ನಡದಲ್ಲಿದ್ದರೂ ಉಚ್ಚಾರ ವಿಜಯಪುರದ ಕಡೆಯದೇ ಆಗಿರಲಿ. ಪಾತ್ರಗಳ ಮಾತು ಪೂರ್ತಿ ಆಡುಮಾತು. ವಾದ್ಯಗಳಲ್ಲಿ ಚೌಡಕಿ ಮತ್ತು ತಾಳ ಸಾಕು.

ದೃಶ್ಯ 1: ಎರೆಹೊಲ, ಹಗಲು

ಪರದೆ ಕಪ್ಪು. ಬೆಂಕಿಕಡ್ಡಿ ಗೀರಿದ ಸದ್ದು. ಹಣತೆ ಹೊತ್ತಿಕೊಂಡಂತೆ ಬಿರುಕುಬಿಟ್ಟ ಎರೆಭೂಮಿ ಮೂಡುತ್ತದೆ, ಬಿರುಕುಗಳೇ ಬೆಳಕಿನ ಗೆರೆಗಳು.

ನಿರೂಪಕಿ: ಡೋಣಿ ತುಂಬಿ ಹರಿದ ವರ್ಷ ಓಣಿ ಓಣಿಯಲ್ಲಿ ಜೋಳದ ರಾಶಿ ಬೀಳುತ್ತಿದ್ದ ಊರು ಅದು. ಎರಡು ವರ್ಷದಿಂದ ಹೊಳೆಯಲ್ಲಿ ನೀರಿಲ್ಲ, ಬೀಸುಕಲ್ಲಿಗೆ ಕೆಲಸವಿಲ್ಲ. ಗೌಡರ ವಾಡೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ಅದರ ಬಾಯಿಗೆ ಕಲ್ಲು ಮುಚ್ಚಿ, ಕೆಸರು ಮೆತ್ತಿ, ಮೇಲೆ ಹೊರಸು ಹಾಕಿಕೊಂಡು ಗೌಡ ಮಲಗುತ್ತಿದ್ದ.

ಗೌಡ (ಕೈಯೊಡ್ಡಿ ನಿಂತ ನೆರಳುಗಳಿಗೆ): ಹಗೇವಿನ್ಯಾಗ ಒಂದು ಕಾಳೂ ಇಲ್ಲರಪ್ಪಾ. ಇದ್ದಿದ್ರ ಕೊಡ್ತಿದ್ದಿಲ್ಲೇನು?

ದೃಶ್ಯ 2: ಗುರವ್ವನ ಮನೆ, ಸಂಜೆ

ಬರಿದಾದ ಬೀಸುಕಲ್ಲಿನ ಬಾಯಿ ಪರದೆಯ ತುಂಬ. ಅದರ ಅಂಚಿನ ಮೇಲೆ ಒಂದು ಇರುವೆ ಬಿಳಿಜೋಳದ ಕಾಳನ್ನು ಹೊತ್ತು ಹತ್ತುತ್ತದೆ, ಜಾರುತ್ತದೆ, ಕಾಳನ್ನು ತಿರುಗಿಸಿ ಹಿಡಿದು ಮತ್ತೆ ಹತ್ತುತ್ತದೆ. ಈ ಚಲನೆಗೆ ಹನ್ನೆರಡು ಸೆಕೆಂಡು ಪೂರ್ತಿ ಕೊಡಬೇಕು.

ಗುರವ್ವ: ಯವ್ವಾ, ಎಲ್ಲಿಂದ ತಂದೀ ಇದನ್ನ?

ಇರುವೆ ಉತ್ತರಿಸುವುದಿಲ್ಲ. ಗುರವ್ವ ಸಾಲು ಹಿಡಿದು ಓಣಿಗುಂಟ ಹಿಂದಕ್ಕೆ ನಡೆಯುತ್ತಾಳೆ. ಸಾಲು ಗೌಡನ ಹೊರಸಿನ ಕೆಳಗೆ, ಒಣಗಿ ಬಿರಿದ ಕೆಸರಿನ ಸೀಳಿನಲ್ಲಿ ಮುಗಿಯುತ್ತದೆ.

ಗುರವ್ವ: ಯಪ್ಪಾ ಗೌಡ, ಇರುವಿ ಸುಳ್ಳ ಹೇಳೂದಿಲ್ಲ.

ಗೌಡ ಕಾಲಿನಿಂದ ಸೀಳನ್ನು ಮುಚ್ಚುತ್ತಾನೆ. ಅವನ ಹೆಬ್ಬೆರಳಿನ ಪಕ್ಕದಿಂದ ಇನ್ನೊಂದು ಇರುವೆ ಹೊರಬರುತ್ತದೆ.

ದೃಶ್ಯ 3: ಅಂಗಳ, ನಡುರಾತ್ರಿ

ನಿರೂಪಕಿ: ಊರವರು ಬೆಳಗಾದರೆ ಬಂದು ಕೇಳುತ್ತಾರೆಂದು ಹೆದರಿ, ಕಾಳನ್ನು ಬೇರೆ ಕಡೆ ಸಾಗಿಸಲು ಗೌಡ ರಾತ್ರಿಯೇ ಕಲ್ಲು ಎತ್ತಿಸಿದ. ಹಗೇವು ತೆಗೆದ ಕೂಡಲೇ ಇಳಿಯಬಾರದು, ಮೊದಲು ದೀಪ ಇಳಿಬಿಟ್ಟು ನೋಡಬೇಕು ಎಂಬುದು ಹಸುಗೂಸಿಗೂ ತಿಳಿದ ಮಾತು. ದೀಪ ಹಚ್ಚಿದರೆ ಊರಿಗೆ ಕಾಣುತ್ತದೆಂದು ಗೌಡ ಕತ್ತಲಲ್ಲೇ ಇಳಿದ.

ಯಮನಪ್ಪನ ಕೈಯಲ್ಲಿ ಹಗ್ಗ, ಅದರ ಇನ್ನೊಂದು ತುದಿ ಗೌಡನ ಸೊಂಟದಲ್ಲಿ. ಹಗ್ಗ ಒಮ್ಮೆಲೇ ಬಿಗಿದುಕೊಳ್ಳುತ್ತದೆ, ಹುಡುಗನ ಹಿಮ್ಮಡಿ ಮಣ್ಣಿನಲ್ಲಿ ಜಾರುತ್ತದೆ.

ಯಮನಪ್ಪ: ಯಾರರ ಬರ್ರಿ! ಗೌಡರು ಮಾತಾಡವಲ್ಲರು!

ಹೊಟ್ಟೆ ಬೆನ್ನಿಗೆ ಹತ್ತಿದ ನೆರಳುಗಳು ಓಡಿಬರುತ್ತವೆ. ಒಬ್ಬ ತರುಣ ಹಗೇವಿನ ಬಾಯಿಗೆ ಕಾಲು ಇಳಿಬಿಡುತ್ತಾನೆ. ಗುರವ್ವ ಅವನ ಜುಟ್ಟು ಹಿಡಿದು ಹಿಂದಕ್ಕೆಳೆಯುತ್ತಾಳೆ.

ಗುರವ್ವ: ಇಳೀಬ್ಯಾಡ ತಮ್ಮಾ. ದೀಪಕ್ಕ ಉಸಿರಿಲ್ಲದಲ್ಲಿ ನಿನಗೆಲ್ಲಿ ಉಸಿರು?

ಅವಳು ಕುಸುಬಿ ಎಣ್ಣೆಯ ಹಣತೆಯನ್ನು ನೂಲಿನಲ್ಲಿ ಕಟ್ಟಿ ಇಳಿಸುತ್ತಾಳೆ. ಜ್ವಾಲೆ ನೀಲಿಯಾಗಿ, ಸಣ್ಣದಾಗಿ, ಆರುತ್ತದೆ. ಪರದೆ ಪೂರ್ತಿ ಕಪ್ಪು. (ಅನಿಮೇಟರುಗಳ ಗಮನಕ್ಕೆ: ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬಿರುತ್ತದೆ. ಆದ್ದರಿಂದ ಜ್ವಾಲೆ ಗಾಳಿಗೆ ಸಿಕ್ಕಂತೆ ಓಲಾಡಬಾರದು, ನೆಟ್ಟಗೆ ನಿಂತೇ ಕುಗ್ಗಬೇಕು.)

ಇಪ್ಪತ್ತು ಸೆಕೆಂಡು ಕತ್ತಲು. ಹಗ್ಗ ಕಲ್ಲಿಗೆ ಉಜ್ಜುವ ಸದ್ದು, ಹಲವರ ಏದುಸಿರು.

ಗುರವ್ವ (ಕತ್ತಲಲ್ಲಿ): ಉಪವಾಸದ ಕೈ ಅಂತ ಬಿಡಬ್ಯಾಡ್ರಿ. ಎಲ್ಲಾರೂ ಹಿಡೀರಿ. ಏಳ್ರಿ, ಜಗ್ಗ್ರಿ!

ಭಾರವಾದ ದೇಹ ನೆಲಕ್ಕೆ ಬಿದ್ದ ಸದ್ದು. ಮೌನ. ಆಮೇಲೆ ಒಂದು ದೀರ್ಘ ಉಸಿರು.

ದೃಶ್ಯ 4: ಅಂಗಳ, ನಸುಕು

ಬೆಂಕಿಕಡ್ಡಿಯ ಸದ್ದು. ಗೌಡ ಪಟಗವಿಲ್ಲದೆ ನೆಲದ ಮೇಲೆ ಕುಳಿತಿದ್ದಾನೆ, ಯಮನಪ್ಪ ಕಂಬಳಿಯನ್ನು ಹಗೇವಿನೊಳಗೆ ಇಳಿಸಿ ಎತ್ತಿ ಗಾಳಿ ಆಡಿಸುತ್ತಿದ್ದಾನೆ. ಗೌಡನ ಕಣ್ಣು ಹಗ್ಗ ಜಗ್ಗಿದ ಕೈಗಳ ಮೇಲೆ ಒಂದೊಂದಾಗಿ ಹೋಗುತ್ತದೆ. ಹಗ್ಗ ಉಜ್ಜಿ ಕಿತ್ತ ಅಂಗೈಗಳಲ್ಲಿ ಕೆಂಪು ಗೆರೆ.

ಗೌಡ (ಬಹಳ ಹೊತ್ತಿನ ಮೇಲೆ): ಗುರವ್ವಾ, ದೀಪ ಇಳಿಬಿಡು.

ಹಣತೆ ಎರಡನೆಯ ಸಲ ಇಳಿಯುತ್ತದೆ. ಜ್ವಾಲೆ ಉಳಿಯುತ್ತದೆ. ಕ್ಯಾಮೆರಾ ಅದರ ಜೊತೆ ಇಳಿದಂತೆ ಹಗೇವಿನ ಹೊಟ್ಟೆ ಬಿಳಿಜೋಳದಿಂದ ಬೆಳಗುತ್ತದೆ, ಆ ಬೆಳಕು ಮೇಲೇರಿ ಮೊದಲ ಬಾರಿಗೆ ಗೌಡನ ಚರ್ಮದೊಳಗೆ ಹಾಯ್ದು ಅವನ ಬಣ್ಣಗಳನ್ನು ತೋರಿಸುತ್ತದೆ.

ನಿರೂಪಕಿ: ಅಂದು ಬೆಳಗಿನ ಜಾವ ಊರಿನ ಎಲ್ಲ ಬೀಸುಕಲ್ಲುಗಳೂ ತಿರುಗಿದವು.

ಚೌಡಕಿ ನಿಲ್ಲುತ್ತದೆ, ಬೀಸುವ ಸದ್ದೊಂದೇ ಉಳಿಯುತ್ತದೆ. ತೆರೆದ ಹಗೇವಿನ ಬಾಯಿಯ ಪಕ್ಕದಲ್ಲಿ ಗುರವ್ವ ಒಂದು ಚಿಟಿಕೆ ಕಾಳು ಇಟ್ಟು ಹೋಗುತ್ತಾಳೆ. ಇರುವೆಯೊಂದು ಬಂದು ಮೂಸಿ, ಒಂದು ಕಾಳನ್ನು ತಿರುಗಿಸಿ ಹಿಡಿಯುತ್ತದೆ. ದೀಪ ನಿಧಾನವಾಗಿ ತಗ್ಗುತ್ತದೆ.