ನೀರು ಭೇದಿ ಆಗಿರುವ ಮಗುವಿಗೆ ಓಆರ್‌ಎಸ್, ಜಿಂಕ್ ಕೊಡುವ ಬಗೆ: ತಾಯಿಗೆ ಚೀಟಿ

ಮಗು: ಹೆಣ್ಣು, 1 ವರ್ಷ 4 ತಿಂಗಳು, ತೂಕ 9.2 ಕೆ.ಜಿ.
ಮನೆ: ಸಿದ್ದಾಪುರದ ಕಡೆ, ಕಾಫಿ ತೋಟದ ಲೈನ್‌ಮನೆ
ನೋಡಿದ ದಿನ: ಜುಲೈ 8, ಬುಧವಾರ ಬೆಳಿಗ್ಗೆ
ಕೊಟ್ಟದ್ದು: ಒಂದು ಲೀಟರ್ ನೀರಿಗೆ ಹಾಕುವ ಓಆರ್‌ಎಸ್ ಪೊಟ್ಟಣ 2, ಜಿಂಕ್ 20 ಮಿ.ಗ್ರಾಂ. ಮಾತ್ರೆ 14

ತಾಯಿ,

ನಿನ್ನೆ ಸಂಜೆಯಿಂದ ಆರು ಸಲ ನೀರು ನೀರಾಗಿ ಹೋಗಿದೆ, ಎರಡು ಸಲ ವಾಂತಿ ಆಗಿದೆ ಅಂದಿರಿ. ಮಲದಲ್ಲಿ ರಕ್ತ ಇಲ್ಲ. ನಾವು ನೋಡಿದಾಗ ಕಣ್ಣು ಗುಳಿ ಬಿದ್ದಿರಲಿಲ್ಲ, ಅಳುವಾಗ ಕಣ್ಣೀರು ಬಂತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ತಕ್ಷಣ ಮೊದಲಿನಂತಾಯಿತು, ಲೋಟ ಹಿಡಿದರೆ ಕುಡಿದಳು. ಮೈಯ ನೀರು ಅಪಾಯ ಆಗುವಷ್ಟು ಇಳಿದಿಲ್ಲ. ಹಾಗಾಗಿ ಮನೆಯಲ್ಲೇ ನೋಡಿಕೊಳ್ಳಬಹುದು. ಆದರೆ ಕುಡಿಸುವುದನ್ನು ಮನೆ ಮುಟ್ಟಿದ ಕೂಡಲೇ ಶುರು ಮಾಡಿ, ಮುಂದಿನ ಭೇದಿಗೆ ಕಾಯಬೇಡಿ. ನೀವು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವ ಅಜ್ಜಿಗೂ ಈ ಚೀಟಿ ಪೂರ್ತಿ ಓದಿ ಹೇಳಿ.

ಒಂದು ಮಾತು ಮೊದಲೇ ತಿಳಿದಿರಲಿ. ಓಆರ್‌ಎಸ್ ಭೇದಿ ನಿಲ್ಲಿಸುವ ಮದ್ದಲ್ಲ. ಕುಡಿಸಿದ ಮೇಲೂ ಎರಡು ಮೂರು ದಿನ ನೀರಾಗಿ ಹೋಗಬಹುದು. "ಕುಡಿಸಿದಷ್ಟೂ ಹೋಗುತ್ತದೆ, ಏನೂ ಪ್ರಯೋಜನ ಇಲ್ಲ" ಎಂದು ಎಷ್ಟೋ ಮನೆಯಲ್ಲಿ ಮೊದಲ ದಿನವೇ ನಿಲ್ಲಿಸಿಬಿಡುತ್ತಾರೆ, ಮಗು ಸೋಲುವುದು ಅಲ್ಲೇ. ಜೀವಕ್ಕೆ ಅಪಾಯ ತರುವುದು ಭೇದಿಯ ಜೊತೆ ಹೊರಟುಹೋಗುವ ನೀರು ಮತ್ತು ಉಪ್ಪಿನ ನಷ್ಟ. ಅದನ್ನು ತುಂಬುವುದೇ ಓಆರ್‌ಎಸ್ ಕೆಲಸ. ಕೆಟ್ಟ ಕರುಳು ಬರೀ ನೀರನ್ನು ಚೆನ್ನಾಗಿ ಹೀರುವುದಿಲ್ಲ. ಉಪ್ಪು, ಗ್ಲೂಕೋಸ್ ಎರಡೂ ಹದವಾಗಿ ಸೇರಿದ್ದರೆ ಅವು ಒಟ್ಟಿಗೆ ಒಳಗೆ ಹೋಗಿ, ನೀರನ್ನೂ ಎಳೆದುಕೊಳ್ಳುತ್ತವೆ. ಆ ಹದ ತಪ್ಪಬಾರದು, ಅದಕ್ಕೇ ಅಳತೆಗೆ ಇಷ್ಟು ಒತ್ತು.

ಕಲಸುವುದು

ನೀರನ್ನು ಗುಳ್ಳೆ ಏಳುವಂತೆ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ. ಈ ಮಳೆಯಲ್ಲಿ ಪೈಪಿನ ನೀರು ಕೆಂಪಾಗಿ ಬರುತ್ತಿದ್ದರೆ ಮೊದಲು ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಮೇಲಿನ ತಿಳಿಯನ್ನು ಒಗೆದ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಸ್ನಾನದ ಹಂಡೆಯಿಂದ ಬಿಸಿನೀರು ಮೊಗೆದು ಕಲಸಬೇಡಿ. ಅದು ಬಿಸಿಯಾದ ನೀರೇ ಹೊರತು ಕುದಿದ ನೀರಲ್ಲ, ದಿನವಿಡೀ ಕೈ, ಚೊಂಬು ಮುಳುಗುವ ನೀರು ಬೇರೆ.

ಅಳತೆಗೆ ಒಂದು ಲೀಟರ್ ಎಂದು ಬರೆದಿರುವ ಖಾಲಿ ನೀರಿನ ಬಾಟಲಿ ಸಾಕು. ಆರಿದ ನೀರನ್ನು ಅದರಲ್ಲಿ ಅಳೆದು, ಮುಚ್ಚಳವಿರುವ ಸ್ಟೀಲ್ ಪಾತ್ರೆಗೆ ಸುರಿಯಿರಿ. ಚೊಂಬು, ಲೋಟದ ಲೆಕ್ಕ ನಂಬಬೇಡಿ, ಒಂದೊಂದು ಮನೆಯ ಲೋಟ ಒಂದೊಂದು ಗಾತ್ರ. ಕೈಯನ್ನು ಸೋಪು ಹಚ್ಚಿ ತೊಳೆದು, ಇಡೀ ಪೊಟ್ಟಣವನ್ನು ಒಂದೇ ಸಲ ಹಾಕಿ, ಪುಡಿ ಪೂರ್ತಿ ಕರಗುವವರೆಗೆ ಕಲಕಿ. ಅರ್ಧ ಪೊಟ್ಟಣ ಅರ್ಧ ಲೀಟರ್‌ಗೆ ಎಂದು ಮಾಡಬೇಡಿ. ಒಳಗೆ ಉಪ್ಪು, ಗ್ಲೂಕೋಸ್ ಸಮವಾಗಿ ಹರಡಿರುವುದಿಲ್ಲ, ಒಂದು ಅರ್ಧಕ್ಕೆ ಉಪ್ಪು ಹೆಚ್ಚು ಬಂದೀತು. ನೀರು ಕಡಿಮೆ ಹಾಕಿದರೆ ಉಪ್ಪು ಏರಿ ಮಗುವಿಗೆ ತೊಂದರೆ, ಹೆಚ್ಚು ಹಾಕಿದರೆ ಮದ್ದೇ ಸಪ್ಪೆ. ರುಚಿಗೆಂದು ಸಕ್ಕರೆ, ಹಾಲು, ಜ್ಯೂಸ್ ಯಾವುದನ್ನೂ ಸೇರಿಸಬೇಡಿ.

ಕಲಸಿದ್ದನ್ನು ಮತ್ತೆ ಒಲೆಯ ಮೇಲೆ ಇಡಬೇಡಿ. ಚಳಿಗೆ ತಣ್ಣಗಿದೆ ಅನಿಸಿದರೆ, ಕುಡಿಸುವಷ್ಟನ್ನು ಚಿಕ್ಕ ಲೋಟಕ್ಕೆ ತೆಗೆದು ಆ ಲೋಟವನ್ನು ಬಿಸಿನೀರಿನ ಬಟ್ಟಲಲ್ಲಿ ಎರಡು ನಿಮಿಷ ಇಡಿ. ಪಾತ್ರೆ ಮುಚ್ಚಿರಲಿ, ಮಗು ಬಾಯಿಟ್ಟ ಚಮಚವನ್ನು ಅದಕ್ಕೆ ಅದ್ದಬೇಡಿ. ಇವತ್ತು ಕಲಸಿದ್ದು ನಾಳೆ ಅದೇ ಹೊತ್ತಿಗೆ ಮುಗಿಯಿತು. ಎಷ್ಟು ಉಳಿದಿದ್ದರೂ ಚೆಲ್ಲಿ, ಹೊಸದಾಗಿ ಕಲಸಿ. ಎರಡನೆಯ ಪೊಟ್ಟಣವನ್ನು ಒಡೆಯದೆ ಡಬ್ಬದಲ್ಲಿಡಿ. ಮಳೆಗಾಲದ ತೇವಕ್ಕೆ ಪುಡಿ ಕಲ್ಲಾಗಿ, ಬಣ್ಣ ಕಂದಿದ್ದರೆ ಬಳಸಬೇಡಿ, ಬೇರೆ ಕೇಳಿ ಪಡೆಯಿರಿ.

ಕುಡಿಸುವುದು

ನಿಮ್ಮ ಮಗಳ ವಯಸ್ಸಿಗೆ, ಪ್ರತಿ ಸಲ ನೀರಾಗಿ ಹೋದ ಮೇಲೆ 50ರಿಂದ 100 ಮಿ.ಲೀ. ಅಂದರೆ 200 ಮಿ.ಲೀ. ಲೋಟದಲ್ಲಿ ಕಾಲು ಭಾಗದಿಂದ ಅರ್ಧ. 5 ಮಿ.ಲೀ.ಯ ಟೀ ಚಮಚದಲ್ಲಾದರೆ 10ರಿಂದ 20 ಚಮಚ. ಇದು ಕನಿಷ್ಠದ ಲೆಕ್ಕ, ನಡುವೆ ಬಾಯಾರಿ ಇನ್ನೂ ಕೇಳಿದರೆ ಕೊಡಿ. ದೊಡ್ಡ ಮಕ್ಕಳಿಗೆ, ಅಂದರೆ 2 ವರ್ಷ ದಾಟಿದವರಿಗೆ, ಸಲಕ್ಕೆ 100ರಿಂದ 200 ಮಿ.ಲೀ.

ಬಾಟಲಿ, ನಿಪ್ಪಲ್ ಬೇಡ. ಮಗುವನ್ನು ತೊಡೆಯ ಮೇಲೆ ತಲೆ ಎತ್ತರಕ್ಕೆ ಇರುವಂತೆ ಕೂರಿಸಿಕೊಂಡು, ಒಂದೆರಡು ನಿಮಿಷಕ್ಕೊಂದು ಚಮಚ ಬಾಯಿಯ ಪಕ್ಕದಿಂದ ಹಾಕಿ. ಗಟಗಟ ಕುಡಿಸಿದರೆ ಹೊಟ್ಟೆ ತುಂಬಿ ವಾಂತಿ ಆಗುತ್ತದೆ, ಆಮೇಲೆ "ಹೊಟ್ಟೆಯಲ್ಲಿ ನಿಲ್ಲುವುದಿಲ್ಲ" ಎಂಬ ಭಯ. ವಾಂತಿ ಆದರೆ 10 ನಿಮಿಷ ಸುಮ್ಮನಿದ್ದು ಮತ್ತೆ ಶುರು ಮಾಡಿ, ಈ ಸಲ ಇನ್ನೂ ನಿಧಾನ, ಎರಡು ಮೂರು ನಿಮಿಷಕ್ಕೆ ಒಂದು ಚಮಚ. ವಾಂತಿಯಲ್ಲಿ ಸ್ವಲ್ಪ ಹೋದರೂ ಉಳಿದದ್ದು ಮೈಗೆ ಸೇರಿರುತ್ತದೆ.

ಅಜ್ಜಿಗೆ ಲೆಕ್ಕ ಸುಲಭವಾಗಲಿ: ಪ್ರತಿ ಸಲ ಭೇದಿ ಆದಾಗ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಲಿ, ಅದಕ್ಕೆ ಕುಡಿಸಿ ಮುಗಿದ ಮೇಲೆ ಆ ಗೆರೆಗೆ ಅಡ್ಡ ಹಾಕಲಿ. ಅಡ್ಡ ಇಲ್ಲದ ಗೆರೆ ಅಂದರೆ ಕುಡಿಸುವುದು ಬಾಕಿ. ಭೇದಿ ನಿಲ್ಲುವವರೆಗೆ ಹೀಗೇ.

ಪೊಟ್ಟಣ ರಾತ್ರಿ ಮುಗಿದುಹೋದರೆ ಬೆಳಗಿನವರೆಗೆ ಅಕ್ಕಿ ಗಂಜಿಯ ತಿಳಿ ಕೊಡಿ. ಒಂದು ಲೀಟರ್‌ಗೆ ಅರ್ಧ ಟೀ ಚಮಚ ಉಪ್ಪು, ಅಂಚಿಗೆ ಸಮನಾಗಿ ಸವರಿದ್ದು, ಗೋಪುರ ಏರಿದ್ದಲ್ಲ. ಉಪ್ಪು ಹಾಕಿದ ನೀರುಮಜ್ಜಿಗೆಯನ್ನೂ ಕೊಡಬಹುದು. ಬೆಳಿಗ್ಗೆ ಆಶಾ ಕಾರ್ಯಕರ್ತೆಯ ಹತ್ತಿರವೋ ನಮ್ಮಲ್ಲೋ ಪೊಟ್ಟಣ ಪಡೆಯಿರಿ, ದುಡ್ಡು ಕೊಡಬೇಕಿಲ್ಲ.

ಅಂಗಡಿಯಲ್ಲಿ ತಗೊಳ್ಳುವುದಾದರೆ ಪುಡಿಯ ಪೊಟ್ಟಣವನ್ನೇ ಕೇಳಿ. ಒಂದು ಲೀಟರ್‌ನ ಪೊಟ್ಟಣದಲ್ಲಿ ಒಟ್ಟು 20.5 ಗ್ರಾಂ. ಇರುತ್ತದೆ: ಗ್ಲೂಕೋಸ್ 13.5, ಉಪ್ಪು (ಸೋಡಿಯಂ ಕ್ಲೋರೈಡ್) 2.6, ಸೋಡಿಯಂ ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5. ಒಂದು ಲೋಟಕ್ಕೆ, ಅಂದರೆ 200 ಮಿ.ಲೀ.ಗೆ ಹಾಕುವ ಚಿಕ್ಕ ಪೊಟ್ಟಣವೂ ಸಿಗುತ್ತದೆ. ಎಷ್ಟು ನೀರಿಗೆ ಎಂದು ಮೇಲೆ ಓದದೆ ಕಲಸಬೇಡಿ. ಹಣ್ಣಿನ ರುಚಿಯ ಪ್ಯಾಕ್ ಪಾನೀಯಗಳಲ್ಲಿ ಸಕ್ಕರೆ ಬಹಳ, ಅದು ಕರುಳಿಗೆ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಈ ಅಳತೆಗೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಇರಕೂಡದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಬರೀ ಗ್ಲೂಕೋಸ್ ಪುಡಿ, ಬಣ್ಣದ ಸೋಡಾ, ಬೆಲ್ಲದ ಕಾಫಿ, ಟೀ ಇವೂ ಬೇಡ. ಕಾಫಿ ನಮ್ಮ ಕಡೆ ಎಲ್ಲದಕ್ಕೂ ಮದ್ದು, ಆದರೆ ಈ ಮಗುವಿಗೆ ಒಂದು ಗುಟುಕೂ ಕೊಡಬೇಡಿ.

ಜಿಂಕ್ ಮಾತ್ರೆ

ದಿನಕ್ಕೆ ಒಂದು, ಇವತ್ತಿನಿಂದ 14 ದಿನ. ಕೊನೆಯ ಮಾತ್ರೆ ಜುಲೈ 21, ಮಂಗಳವಾರ. ಭೇದಿ ಶುಕ್ರವಾರವೇ ನಿಂತರೂ ನಿಲ್ಲಿಸಬೇಡಿ. ಭೇದಿಯಲ್ಲಿ ಮೈಯ ಜಿಂಕ್ ಹೊರಟುಹೋಗುತ್ತದೆ. ಅದನ್ನು ತುಂಬಿದರೆ ಕರುಳಿನ ಒಳಪದರ ಬೇಗ ಮಾಗುತ್ತದೆ, ಈ ಭೇದಿ ಬೇಗ ಕಡಿಮೆಯಾಗುತ್ತದೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಬರುವ ಸಾಧ್ಯತೆಯೂ ಇಳಿಯುತ್ತದೆ. ಇಡೀ ಮಳೆಗಾಲ ಮುಂದಿದೆ, ಆ ರಕ್ಷಣೆ ಸಿಗುವುದು 14 ಮಾತ್ರೆ ಪೂರ್ತಿ ಹೋದರೆ.

ಸ್ಟೀಲ್ ಚಮಚದಲ್ಲಿ ಮಾತ್ರೆ ಇಟ್ಟು, ಮೇಲೆ ಕುದಿಸಿ ಆರಿಸಿದ ನೀರನ್ನೋ ಎದೆಹಾಲನ್ನೋ ಸ್ವಲ್ಪ ಹಾಕಿ. ಅಂಚು ಮೊದಲು ಉದುರಿ, ಸ್ವಲ್ಪ ಹೊತ್ತಿನಲ್ಲೇ ಪೂರ್ತಿ ಹಿಟ್ಟಾಗುತ್ತದೆ. ಕುಟ್ಟುವುದು, ಅರೆಯುವುದು ಬೇಡ. ಕುಡಿಸಿ, ಚಮಚದಲ್ಲಿ ಉಳಿದದ್ದನ್ನು ಇನ್ನೆರಡು ಹನಿ ನೀರಿನಲ್ಲಿ ತೊಳೆದು ಅದನ್ನೂ ಕೊಡಿ. ಬಾಯಿಯಲ್ಲಿ ಲೋಹದ ರುಚಿ ಉಳಿಯುವುದರಿಂದ ಕೂಡಲೇ ಹಾಲು ಕುಡಿಸಿ. ಅರ್ಧ ಗಂಟೆಯೊಳಗೆ ವಾಂತಿ ಮಾಡಿದರೆ ಒಂದು ಸಲ ಮಾತ್ರ ಮತ್ತೆ ಕೊಡಿ. ಹಾಗೆ ಒಂದು ಹೆಚ್ಚು ಖರ್ಚಾದರೆ ನಮ್ಮಲ್ಲಿ ಕೇಳಿ. ಒಂದು ದಿನ ಮರೆತರೆ ಮರುದಿನ ಎರಡು ಕೊಡಬೇಡಿ. ಮಾತ್ರೆ ಪಟ್ಟಿಯಿಂದ ಆಯಾ ದಿನದ್ದನ್ನು ಮಾತ್ರ ಬಿಡಿಸಿ, ಮೊದಲೇ ಬಿಡಿಸಿಟ್ಟರೆ ಈ ಥಂಡಿಗೆ ಡಬ್ಬದಲ್ಲೇ ಪುಡಿಯಾಗುತ್ತದೆ. ಪಕ್ಕದ ಮನೆಯಲ್ಲಿ 6 ತಿಂಗಳೊಳಗಿನ ಕೂಸಿದ್ದರೆ ಇದನ್ನು ಹಂಚಬೇಡಿ: 2ರಿಂದ 6 ತಿಂಗಳಿನವರಿಗೆ ಅರ್ಧ ಮಾತ್ರೆಯ ಲೆಕ್ಕ, ಅದಕ್ಕೂ ಚಿಕ್ಕವರನ್ನು ನಾವು ನೋಡಲೇಬೇಕು.

ಊಟ

ಹೊಟ್ಟೆಗೆ ವಿಶ್ರಾಂತಿ ಎಂದು ಉಪವಾಸ ಹಾಕಬೇಡಿ. ಎದೆಹಾಲು ಎಂದಿಗಿಂತ ಹೆಚ್ಚು ಸಲ, ರಾತ್ರಿಯೂ. ಕುಚ್ಚಲಕ್ಕಿ ಗಂಜಿ ಗಟ್ಟಿಯಾಗಿ, ಬೇಳೆ ಹಿಸುಕಿದ ಅನ್ನಕ್ಕೆ ಒಂದು ಚಮಚ ತುಪ್ಪ, ಮೊಸರನ್ನ, ಹಿಸುಕಿದ ಬಾಳೆಹಣ್ಣು. ಸ್ವಲ್ಪ ಸ್ವಲ್ಪವೇ, ಮೂರು ನಾಲ್ಕು ಗಂಟೆಗೊಮ್ಮೆ. ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು ಕೊಡಿ, ಇಳಿದ ತೂಕ ಆಗ ತುಂಬುತ್ತದೆ.

ಭೇದಿ ಕಟ್ಟುವ ಮಾತ್ರೆ ಮಗುವಿಗೆ ಕೊಡಕೂಡದು, ಕರುಳಿನ ಚಲನೆಯೇ ನಿಂತು ಹೊಟ್ಟೆ ಉಬ್ಬುತ್ತದೆ. ಜಾಯಿಕಾಯಿ ತೇಯ್ದು ನೆಕ್ಕಿಸುವುದೂ ಬೇಡ. ಮಗು ಮಂಪರಿಗೆ ಹೋದರೆ, ಅದು ಜಾಯಿಕಾಯಿಯಿಂದಲೋ ನೀರು ಕಡಿಮೆಯಾಗಿಯೋ ಎಂದು ತಿಳಿಯದಂತಾಗುತ್ತದೆ. ಉಳಿದಿದ್ದ ಆಂಟಿಬಯೋಟಿಕ್ ಸಿರಪ್ ಕೂಡ ಹಾಕಬೇಡಿ. ಬರೀ ನೀರು ಭೇದಿಗೆ ಸಾಮಾನ್ಯವಾಗಿ ಅದು ಬೇಕಿಲ್ಲ.

ತಡ ಮಾಡದೆ ಬರಬೇಕಾದದ್ದು

ಹಗಲಾಗಲಿ ರಾತ್ರಿಯಾಗಲಿ, ಇವುಗಳಲ್ಲಿ ಒಂದು ಕಂಡರೂ ಹೊರಡಿ: ಕುಡಿಯಲು ಆಗುವುದಿಲ್ಲ, ಎದೆಹಾಲೂ ಎಳೆಯುವುದಿಲ್ಲ. ಕುಡಿದದ್ದೆಲ್ಲ ವಾಂತಿ. ಮಲದಲ್ಲಿ ರಕ್ತ. ಜ್ವರ ಬಂತು. ಕಣ್ಣು ಗುಳಿ ಬಿದ್ದಿದೆ. ಅಳುತ್ತಾಳೆ, ಕಣ್ಣೀರಿಲ್ಲ. ಲೋಟ ಕಂಡರೆ ಕಿತ್ತುಕೊಳ್ಳುವಂತೆ ದಾಹ. ಆರು ಗಂಟೆ ಹೊತ್ತು ಮೂತ್ರವೇ ಇಲ್ಲ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತದೆ. ಎಬ್ಬಿಸಿದರೂ ಏಳದ ಮಂಪರು, ಅಥವಾ ಫಿಟ್ಸ್. ದಾಹ, ಗುಳಿಬಿದ್ದ ಕಣ್ಣು ಇದ್ದು ಮಗು ಕುಡಿಯುವಂತಿದ್ದರೆ ಇಲ್ಲೇ ಕೂರಿಸಿಕೊಂಡು ನಾಲ್ಕು ಗಂಟೆಯಲ್ಲಿ ಸುಮಾರು 700 ಮಿ.ಲೀ. ಕುಡಿಸುತ್ತೇವೆ. ಕುಡಿಯಲಾರದಷ್ಟು ಸೋತಿದ್ದರೆ ಡ್ರಿಪ್ ಬೇಕು, ಮಡಿಕೇರಿಗೆ ಕಳಿಸುತ್ತೇವೆ.

108ಕ್ಕೆ ಕರೆ ಮಾಡಿ. ತೋಟದಲ್ಲಿ ನೆಟ್‌ವರ್ಕ್ ಸಿಗದ ಜಾಗ ಹೆಚ್ಚು, ಮಳೆಗೆ ಮರ ಬಿದ್ದು ದಾರಿ ಕಟ್ಟುವುದೂ ಇದೆ. ಆದ್ದರಿಂದ ರಾತ್ರಿ ಜೀಪು ಬೇಕಾದೀತು ಎಂದು ರೈಟರ್‌ಗೆ ಇವತ್ತು ಸಂಜೆಯೇ ಹೇಳಿಡಿ. ಮಗು ಎಚ್ಚರವಿದ್ದು ನುಂಗುತ್ತಿದ್ದರೆ ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಲೇ ಬನ್ನಿ. ಮಂಪರಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ.

ಮಗುವಿನ ಮಲವನ್ನು ತೋಡಿಗೆ, ಅಂಗಳಕ್ಕೆ ಎಸೆಯದೆ ಶೌಚಾಲಯಕ್ಕೆ ಹಾಕಿ. ತೊಳೆಸಿದ ಮೇಲೆ, ಅಡುಗೆಗೆ, ಉಣಿಸುವುದಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಿರಿ, ಅಜ್ಜಿಯೂ. ಲೈನ್‌ನ ಬೇರೆ ಮಕ್ಕಳಿಗೂ ಹೀಗೇ ಶುರುವಾಗಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ನೀರಿನ ಟ್ಯಾಂಕ್ ನೋಡಿಸಬೇಕಾಗುತ್ತದೆ.

ಎಲ್ಲ ಸರಿಯಿದ್ದರೂ ಶುಕ್ರವಾರ, ಜುಲೈ 10ರಂದು ಬೆಳಿಗ್ಗೆ ಮಗುವನ್ನು ಕರೆತನ್ನಿ, ತೂಕ ನೋಡಬೇಕು. ಬರುವಾಗ ತಾಯಿ ಕಾರ್ಡ್ ಮತ್ತು ಜಿಂಕ್ ಪಟ್ಟಿ ತನ್ನಿ. ಅಂದಿನ ಮಾತ್ರೆ ಕೊಟ್ಟು ಬಂದಿದ್ದರೆ ಪಟ್ಟಿಯಲ್ಲಿ 11 ಉಳಿದಿರಬೇಕು.