ಹದಿನಾಲ್ಕು ತಿಂಗಳು ಇದ್ದವಳ ಮಾತು: ನೀರಿಗೆ ಪೂರ್ತಿ ಅಂಕ, ಬೀಗಕ್ಕೆ ಸೊನ್ನೆ

2024ರ ಆಗಸ್ಟ್‌ನಲ್ಲಿ ಈ ಪಿಜಿಗೆ ಸೇರಿದೆ. ಹದಿನಾಲ್ಕು ತಿಂಗಳು ಇದ್ದು ಮೊನ್ನೆ ಭಾನುವಾರ ಕೋಣೆ ಖಾಲಿ ಮಾಡಿದೆ. ಮೂರನೆಯ ಮಹಡಿಯಲ್ಲಿ ಮೂವರು ಹಂಚಿಕೊಳ್ಳುವ ಕೋಣೆ, ಊಟ ಸೇರಿ ತಿಂಗಳಿಗೆ 8,500 ರೂಪಾಯಿ, ಮುಂಗಡ 10,000. ವಿಜಯನಗರ ಮೆಟ್ರೊ ನಿಲ್ದಾಣಕ್ಕೆ ನಡೆದು ಹನ್ನೆರಡು ನಿಮಿಷ. ಮಳೆ ಬಂದರೆ ಇಪ್ಪತ್ತು, ಏಕೆಂದರೆ ತಿರುವಿನಲ್ಲಿ ಮೊಣಕಾಲಿನವರೆಗೆ ನೀರು ನಿಲ್ಲುತ್ತದೆ. ಪ್ರಾಜೆಕ್ಟ್ ಕೆಲಸ ನಗರದ ಇನ್ನೊಂದು ತುದಿಯಲ್ಲಿ ಸಿಕ್ಕಿದ್ದರಿಂದ ಬಿಟ್ಟೆನೇ ಹೊರತು ಜಗಳವಾಡಿ ಬಿಟ್ಟದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರೆಯುವುದರಲ್ಲಿ ಬೈಗುಳವೂ ಇದೆ.

ಮೊದಲು ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನೀರಿನ ಬವಣೆಯನ್ನು ಟಿವಿಯಲ್ಲಿ ನೋಡಿ ಗದಗಿನಲ್ಲಿ ಕುಳಿತೇ ಹೆದರಿದ್ದ ನನ್ನ ಅಮ್ಮ, ಮಾಲೀಕರಿಗೆ ಕೇಳಿದ ಮೊದಲ ಪ್ರಶ್ನೆಯೇ ಅದು. ಅವರು ಉತ್ತರ ಕೊಡಲಿಲ್ಲ, ಸಂಪಿನ ಮುಚ್ಚಳ ತೆಗೆದು ತೋರಿಸಿದರು. ಅಮ್ಮನಿಗೆ ಅಲ್ಲಿಯೇ ಅರ್ಧ ಸಮಾಧಾನವಾಯಿತು. ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತದೆ. ಉಳಿದದ್ದು ಕೊಳವೆಬಾವಿ. ಬೆಳಗಿನ ಐದಕ್ಕೆ ಮಾಲೀಕರೇ ಬಂದು ಮೋಟಾರ್ ಹಾಕುತ್ತಾರೆ, ಟ್ಯಾಂಕ್ ತುಂಬುವವರೆಗೂ ಗೇಟಿನ ಬಳಿ ಪತ್ರಿಕೆ ಓದುತ್ತಾ ನಿಲ್ಲುತ್ತಾರೆ. ನೀರು ಉಕ್ಕಿ ಹರಿದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. 2025ರ ಏಪ್ರಿಲ್‌ನಲ್ಲಿ ಕೊಳವೆಬಾವಿ ಕೈಕೊಟ್ಟ ಮೂರು ವಾರ ಟ್ಯಾಂಕರ್ ತರಿಸಿದರು; ಅದಕ್ಕೆ ನಮ್ಮಿಂದ ಒಂದು ರೂಪಾಯಿ ಹೆಚ್ಚಿಗೆ ಕೇಳಲಿಲ್ಲ. ಇದೇ ಬೀದಿಯ ಬೇರೆ ಪಿಜಿಯಲ್ಲಿದ್ದ ಗೆಳತಿ ಆ ತಿಂಗಳು 400 ರೂಪಾಯಿ 'ನೀರಿನ ಶುಲ್ಕ' ಕಟ್ಟಿದ್ದಳು.

ಹದಿನಾಲ್ಕು ತಿಂಗಳಲ್ಲಿ ನೀರಿಲ್ಲದೆ ಕಾಲೇಜಿಗೆ ಹೋದದ್ದು ಎರಡೇ ದಿನ. ಎರಡು ಸಲವೂ ಹಿಂದಿನ ರಾತ್ರಿಯೇ ಬಕೆಟ್ ತುಂಬಿಟ್ಟುಕೊಳ್ಳುವಂತೆ ಬಾಗಿಲು ಬಾಗಿಲಿಗೂ ಬಂದು ಹೇಳಿದ್ದರು.

ನೀರಿದೆ, ಆದರೆ ಗಡಸು. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಷವರಿನ ಅರ್ಧ ತೂತುಗಳು ಮುಚ್ಚಿಹೋಗಿವೆ, ಸೋಪು ನೊರೆ ಕೊಡುವುದಿಲ್ಲ. ಕಾವೇರಿ ನೀರು ಬಂದ ದಿನವೇ ತಲೆಸ್ನಾನ ಎಂದು ನಾವು ಪಂಚಾಂಗ ಮಾಡಿಕೊಂಡಿದ್ದೆವು. ಬಿಸಿನೀರು ಸೌರಶಾಖದ್ದು, ಏಳೂಕಾಲಿನ ಒಳಗೆ ಹೋದವರಿಗೆ ಉಂಟು. ಮೇಲಿನ ಮಹಡಿಯವರಿಗೆ ನಲ್ಲಿ ತಿರುಗಿಸಿದ ಕೂಡಲೇ ಬಿಸಿ ಬರುತ್ತದೆ. ನೆಲಮಹಡಿಯವರು ಪೈಪಿನಲ್ಲಿ ನಿಂತ ತಣ್ಣೀರನ್ನು ಅರ್ಧ ಬಕೆಟ್ ಹೊರಕ್ಕೆ ಬಿಡಬೇಕು. ಮೋಡ ಕವಿದ ಜುಲೈ ತಿಂಗಳಲ್ಲಿ ಯಾರಿಗೂ ಇಲ್ಲ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಎರಡನೆಯ ಮಹಡಿಯಲ್ಲಿದೆ. ಅದರ ಕೆಂಪು ದೀಪ ಹೊತ್ತಿಕೊಂಡು ಐದು ವಾರವಾದರೂ ಯಾರೂ ನೋಡಿರಲಿಲ್ಲ. ನಾನು ಫೋಟೊ ತೆಗೆದು ಕಳಿಸಿದ ಮರುದಿನ ಹೊಸ ಫಿಲ್ಟರ್ ಬಂತು. ಹೇಳಿದರೆ ಮಾಡುತ್ತಾರೆ, ಹೇಳದಿದ್ದರೆ ತಾವಾಗಿ ಮಾಡುವುದಿಲ್ಲ. ಮೋಟಾರ್ ಒಂದನ್ನು ಬಿಟ್ಟು ಉಳಿದ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ಇನ್ನು ಊಟ. ಗೋಡೆಗೆ ಅಂಟಿಸಿದ ವಾರದ ಪಟ್ಟಿಯನ್ನು ಅಷ್ಟಾಗಿ ನಂಬಬೇಡಿ. ಮಂಗಳವಾರದ 'ವೆಜಿಟೆಬಲ್ ಪಲಾವ್' ಎಂದರೆ ಹಸಿರು ಬಟಾಣಿ ಅಲ್ಲೊಂದು ಇಲ್ಲೊಂದು ಇಣುಕುವ ಅನ್ನ. ಸೋಮವಾರದ ಇಡ್ಲಿ ಚೆನ್ನಾಗಿರುತ್ತದೆ, ಚಟ್ನಿ ಎಂಟೂವರೆಯ ಹೊತ್ತಿಗೆ ನೀರಾಗಿರುತ್ತದೆ. ಬುಧವಾರ ಚಿತ್ರಾನ್ನ, ಶುಕ್ರವಾರವೂ ಚಿತ್ರಾನ್ನ. ಶುಕ್ರವಾರದ್ದಕ್ಕೆ ಕಡಲೆಬೀಜ ಜಾಸ್ತಿ, ಅಷ್ಟೇ ವ್ಯತ್ಯಾಸ. ಅಡುಗೆಯ ಅಕ್ಕನ ಕೈಯಲ್ಲಿ ನಿಜವಾಗಿ ರುಚಿಯಿರುವುದು ಮೆಣಸಿನ ಸಾರಿಗೆ. ಜ್ವರ ಬಂದಾಗ ಕೇಳದೆಯೇ ಒಂದು ಲೋಟ ಕೋಣೆಗೆ ಕಳಿಸುತ್ತಾರೆ. ಸಾಂಬಾರಿನಲ್ಲಿ ಬೇಳೆ ತಿಂಗಳ ಮೊದಲ ವಾರ ತಳದಲ್ಲಿ ಸಿಗುತ್ತದೆ. ಕೊನೆಯ ವಾರ ಸೌಟು ಎಷ್ಟು ಆಳಕ್ಕೆ ಇಳಿದರೂ ಸಿಗುವುದಿಲ್ಲ.

ಪಿಜಿಗಳಲ್ಲಿ ಅನ್ನಕ್ಕೆ ಸೋಡಾ ಹಾಕುತ್ತಾರೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅನುಮಾನ ಪರಿಹರಿಸಿಕೊಳ್ಳಲೆಂದು ಒಂದು ವಾರ ಬೆಳಿಗ್ಗೆ ಬೇಗ ಎದ್ದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ನೆಪದಲ್ಲಿ ಕುಳಿತಿದ್ದೆ. ಅಂಥದ್ದೇನೂ ಕಾಣಲಿಲ್ಲ. ಅಕ್ಕಿ ತೊಳೆಯುತ್ತಾರೆ, ಪಾತ್ರೆ ಬಿಸಿನೀರಿನಲ್ಲಿ ಉಜ್ಜುತ್ತಾರೆ. ಕರಿದ ಎಣ್ಣೆಯನ್ನು ಮಾತ್ರ ಮತ್ತೆ ಮತ್ತೆ ಬಳಸುತ್ತಾರೆ. ಭಾನುವಾರದ ಬೋಂಡಾ ನನಗೆ ಆಗಿಬರಲಿಲ್ಲ. ಭಾನುವಾರ ರಾತ್ರಿ ಅಡುಗೆಯೇ ಇಲ್ಲ. ಸೇರುವಾಗ ಇದನ್ನು ಯಾರೂ ಹೇಳಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಚಪಾತಿ ಒಬ್ಬರಿಗೆ ಮೂರು. ರೊಟ್ಟಿ ತಿಂದು ಬೆಳೆದವಳಿಗೆ ಆ ಮೂರು ಎಲ್ಲಿ ಹೋದವೆಂದೇ ತಿಳಿಯುತ್ತಿರಲಿಲ್ಲ. ಒಂದು ರಾತ್ರಿ ನಾಲ್ಕನೆಯದನ್ನು ತೆಗೆದುಕೊಂಡೆ. ಮರುದಿನ ಬೆಳಿಗ್ಗೆ ಮಾಲೀಕರು, "ನಿನ್ನೆ ಹೊಟ್ಟೆ ತುಂಬಿತೇನಮ್ಮಾ?" ಎಂದರು. ಕಾಳಜಿ ಎಂದುಕೊಂಡೆ. ಆಮೇಲೆ ಊಟದ ಕೋಣೆಯ ಮೂಲೆಯಲ್ಲಿದ್ದ ಕ್ಯಾಮೆರಾ ಕಣ್ಣಿಗೆ ಬಿತ್ತು.

ಅಲ್ಲಿಂದ ಸುರಕ್ಷತೆಯ ಮಾತಿಗೆ ಬರುತ್ತೇನೆ. ಕ್ಯಾಮೆರಾಗಳು ಒಟ್ಟು ಮೂರು: ಗೇಟಿನಲ್ಲಿ ಒಂದು, ಮೊದಲ ಮಹಡಿಯ ಮೆಟ್ಟಿಲಲ್ಲಿ ಒಂದು, ಚಪಾತಿ ಕಾಯಲು ಒಂದು. ಬೀದಿ ದೀಪ ಚೆನ್ನಾಗಿದೆ. ಕಳೆದ ವರ್ಷ ಇಬ್ಬರು ಹುಡುಗರು ಬೈಕಿನಲ್ಲಿ ಸಂಜೆ ಹೊತ್ತು ಗೇಟಿನ ಮುಂದೆ ಸುಳಿದಾಡಲು ಶುರುಮಾಡಿದಾಗ ಮಾಲೀಕರು ವಾರವಿಡೀ ಕುರ್ಚಿ ಹಾಕಿಕೊಂಡು ಅಲ್ಲಿಯೇ ಕುಳಿತರು, ಗಾಡಿಯ ಸಂಖ್ಯೆ ಬರೆದುಕೊಂಡು ಠಾಣೆಗೂ ಕೊಟ್ಟರು. ಹೆಣ್ಣುಮಕ್ಕಳ ವಿಷಯದಲ್ಲಿ ಅವರ ಕಳಕಳಿ ನಾಟಕವಲ್ಲ. ಆದರೆ ಸುರಕ್ಷತೆ ಎಂದರೆ ಅವರ ಮಟ್ಟಿಗೆ ಬೀಗ.

ರಾತ್ರಿ ಒಂಬತ್ತೂವರೆಗೆ ಗೇಟಿಗೆ ಒಳಗಿನಿಂದ ಬೀಗ ಬೀಳುತ್ತದೆ. ಬೀಗದ ಕೈ ಪಕ್ಕದ ಕಟ್ಟಡದಲ್ಲಿರುವ ಅವರ ಮನೆಯಲ್ಲಿ. ತಾರಸಿಯ ಬಾಗಿಲು ಬಟ್ಟೆ ಒಣಗಿಸಲು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿರುತ್ತದೆ, ಆಮೇಲೆ ಅದಕ್ಕೂ ಬೀಗ. ಕಿಟಕಿಗಳಿಗೆ ಕಬ್ಬಿಣದ ಸರಳು. ನಾಲ್ಕು ಮಹಡಿಗೆ ಇರುವುದು ಒಂದೇ ಮೆಟ್ಟಿಲು, ಅದರ ಅಗಲದ ಮೂರನೇ ಒಂದು ಭಾಗ ಚಪ್ಪಲಿ ಸ್ಟ್ಯಾಂಡುಗಳದ್ದು. ಮೆಟ್ಟಿಲಿನ ಅಡಿಯಲ್ಲಿ ಮೀಟರ್ ಬೋರ್ಡ್, ಅದರ ಪಕ್ಕದಲ್ಲಿ ಯಾರದೋ ಎಲೆಕ್ಟ್ರಿಕ್ ಸ್ಕೂಟರ್ ರಾತ್ರಿಯಿಡೀ ಚಾರ್ಜ್ ಆಗುತ್ತಿತ್ತು.

ಮಾರ್ಚ್ ತಿಂಗಳ ಒಂದು ರಾತ್ರಿ ಒಂದೂವರೆಗೆ ಸುಟ್ಟ ವಾಸನೆಗೆ ಎಚ್ಚರವಾಯಿತು. ಮೀಟರ್ ಬೋರ್ಡಿನಿಂದ ಹೊಗೆ ಏಳುತ್ತಿತ್ತು. ಬೆಂಕಿ ಕಾಣಿಸಲಿಲ್ಲ, ಆದರೆ ಮೆಟ್ಟಿಲ ಬಾವಿ ಚಿಮಣಿಯಂತಾಗಿ ಹೊಗೆಯೆಲ್ಲ ಮೇಲಕ್ಕೆ ಬರುತ್ತಿತ್ತು. ಮೂರು ಮತ್ತು ನಾಲ್ಕನೆಯ ಮಹಡಿಯ ಇಪ್ಪತ್ತೈದು ಜನ ಮೇಲಕ್ಕೆ ಓಡಿದೆವು, ತಾರಸಿಗೆ ಬೀಗ. ಕೆಳಕ್ಕೆ ಇಳಿದೆವು, ಗೇಟಿಗೆ ಬೀಗ. ಮೂಗಿಗೆ ದುಪಟ್ಟಾ ಹಿಡಿದುಕೊಂಡು ಸರಳಿನ ಈಚೆ ನಿಂತು ಮಾಲೀಕರಿಗೆ ಫೋನ್ ಮಾಡಿದೆವು. ಅವರು ಎದ್ದದ್ದು ಏಳನೆಯ ಕರೆಗೆ. ಮೊದಲ ಕರೆ 1.34ಕ್ಕೆ, ಗೇಟು ತೆರೆದದ್ದು 1.45ಕ್ಕೆ, ನನ್ನ ಮೊಬೈಲಿನಲ್ಲಿ ಇನ್ನೂ ಇದೆ. ಹನ್ನೊಂದು ನಿಮಿಷ. ಯಾರಿಗೂ ಏನೂ ಆಗಲಿಲ್ಲ. ಗೋಡೆಗೆ ತೂಗುಹಾಕಿದ್ದ ಅಗ್ನಿಶಾಮಕ ಸಿಲಿಂಡರಿನ ಅವಧಿ ಮುಗಿದು ಎರಡು ವರ್ಷವಾಗಿತ್ತು ಎಂಬುದು ಮರುದಿನ ಗೊತ್ತಾಯಿತು.

ಮಾಲೀಕರು ಅಂದು ಅತ್ತರು, ನಿಜವಾಗಿಯೂ. ಎರಡು ದಿನದಲ್ಲಿ ಬೋರ್ಡ್ ಬದಲಾಯಿತು, ಸ್ಕೂಟರ್ ಹೊರಕ್ಕೆ ಹೋಯಿತು, ಹೊಸ ಸಿಲಿಂಡರ್ ಬಂತು. ಒಂದು ಬೀಗದ ಕೈಯನ್ನು ಕೋಣೆಗಳ ಪೈಕಿ ಯಾರಿಗಾದರೂ ಕೊಡಿ ಎಂದು ನಾವು ಕೇಳಿದೆವು. "ಕೊಟ್ಟರೆ ರಾತ್ರಿ ಹೊರಗೆ ಹೋಗುತ್ತೀರಿ. ಆಮೇಲೆ ನಿಮ್ಮ ಅಪ್ಪ ಅಮ್ಮನಿಗೆ ನಾನೇನು ಹೇಳಲಿ ಅಮ್ಮಾ?" ಎಂದರು. ಕೊನೆಗೆ ಅಡುಗೆಯ ಅಕ್ಕನ ಬಳಿ ಒಂದು ಕೊಟ್ಟಿದ್ದಾರೆ. ಅಕ್ಕ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ, ಶನಿವಾರ ರಾತ್ರಿ ತಮ್ಮ ಮನೆಗೆ ಹೋಗುತ್ತಾರೆ. ಅಂದರೆ ಶನಿವಾರ ಏನೂ ಆಗಬಾರದು.

ನಾನು ಸೇರಿದ ತಿಂಗಳೇ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತ್ತು. ತಲೆಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಹಗಲೂ ರಾತ್ರಿ ಕಾವಲುಗಾರ, ಒಳಹೋಗುವ ಹೊರಬರುವ ಕಡೆಗಳಲ್ಲೆಲ್ಲ ಕ್ಯಾಮೆರಾ ಎಂದೆಲ್ಲ ಅದರಲ್ಲಿದೆ. ನಮ್ಮ ಕೋಣೆಯನ್ನು ಟೇಪ್ ಹಿಡಿದು ಅಳೆದೆ: ಹತ್ತಕ್ಕೆ ಹದಿನಾಲ್ಕು ಅಡಿ. 140 ಚದರಡಿಯಲ್ಲಿ ಮೂವರು. ಲೆಕ್ಕದ ಪ್ರಕಾರ ಒಬ್ಬಳು ಇರಲೇಬಾರದು. ನೀರಿನಲ್ಲಿ ಪಾಸು, ಜಾಗದಲ್ಲಿ ನಪಾಸು, ಕಾವಲುಗಾರ ಎಂಬುವನನ್ನು ನಾನು ನೋಡಿಯೇ ಇಲ್ಲ.

ಉಳಿದ ನಿಯಮಗಳು ಹೆಚ್ಚು ಕಷ್ಟದವೇನಲ್ಲ. ಇಸ್ತ್ರಿ ಪೆಟ್ಟಿಗೆ, ಕೆಟಲ್ ಕೂಡದು. ಮಾರ್ಚ್ ನಂತರ ನಾನೂ ಅದನ್ನು ಒಪ್ಪುತ್ತೇನೆ. ತಡವಾಗಿ ಬಂದರೆ ಪುಸ್ತಕದಲ್ಲಿ ಸಹಿ, ತಿಂಗಳಿಗೆ ಮೂರಕ್ಕಿಂತ ಹೆಚ್ಚಾದರೆ ಮನೆಗೆ ಫೋನ್. ಲ್ಯಾಬ್ ಇರುವ ದಿನ ಮೊದಲೇ ಸಂದೇಶ ಕಳಿಸಿದರೆ ಹತ್ತೂವರೆಯವರೆಗೂ ಕಾಯುತ್ತಾರೆ, ಊಟ ಮುಚ್ಚಿಡಿಸುತ್ತಾರೆ. ಅಮ್ಮ ಬಂದು ಉಳಿದರೆ ರಾತ್ರಿಗೆ 300 ರೂಪಾಯಿ. ತಂದೆಯವರಿಗೆ ಗೇಟಿನ ಹೊರಗಿನ ಕಲ್ಲುಬೆಂಚೇ ಗತಿ. ಗದಗಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಅಪ್ಪ ಶೌಚಾಲಯಕ್ಕೆ ಮೆಟ್ರೊ ನಿಲ್ದಾಣಕ್ಕೆ ಹೋಗಬೇಕಾಯಿತು. ಅದು ನನಗೆ ಇಂದಿಗೂ ಬೇಸರ.

ಹಣದ ಲೆಕ್ಕದಲ್ಲಿ ಒಂದು ಎಚ್ಚರಿಕೆ. ಜನವರಿಯಲ್ಲಿ 'ಜಿಎಸ್‌ಟಿ' ಎಂದು ಬಾಡಿಗೆಯ ಮೇಲೆ ಶೇಕಡಾ 12 ಸೇರಿಸಿದ್ದರು. ತಲೆಗೆ ತಿಂಗಳಿಗೆ 20,000 ರೂಪಾಯಿಯೊಳಗಿನ, ಕನಿಷ್ಠ 90 ದಿನ ಎಡೆಬಿಡದೆ ಇರುವ ವಾಸಕ್ಕೆ 2024ರಲ್ಲಿಯೇ ವಿನಾಯಿತಿ ಸಿಕ್ಕಿದೆ. ಪತ್ರಿಕೆಯ ತುಣುಕು ತೋರಿಸಿದೆ, "ನಮ್ಮ ಲೆಕ್ಕಿಗರು ಹೇಳಿದ್ದು" ಎಂದು ಗೊಣಗಿ ಕೈಬಿಟ್ಟರು. ಮುಂಗಡದಲ್ಲಿ ಬಣ್ಣ ಬಳಿಯಲೆಂದು 2,000 ಹಿಡಿದುಕೊಂಡು 8,000 ಅದೇ ದಿನ ಖಾತೆಗೆ ಹಾಕಿದರು. ಸೇರುವಾಗ ಕೊಟ್ಟ ರಸೀದಿಯಲ್ಲಿ ಈ ಕಡಿತ ಬರೆದಿತ್ತು, ಆದ್ದರಿಂದ ಜಗಳವಾಡಲಿಲ್ಲ. ಬಿಡುವ ಒಂದು ತಿಂಗಳು ಮೊದಲು ಸಂದೇಶದ ಮೂಲಕವೇ ತಿಳಿಸಿ. ಬಾಯಿಮಾತಿನಲ್ಲಿ ಹೇಳಿದರೆ ಅವರಿಗೆ ನೆನಪಿರುವುದಿಲ್ಲ.

ಐದಕ್ಕೆ ನಾನು ಕೊಡುವುದು ಹೀಗೆ: ನೀರಿಗೆ ಐದು, ಊಟಕ್ಕೆ ಮೂರು, ಮಾಲೀಕರ ನಡವಳಿಕೆಗೆ ನಾಲ್ಕು, ಸುರಕ್ಷತೆಗೆ ಒಂದೂವರೆ. ಬೀಗದ ಕೈ ಪ್ರತಿ ಮಹಡಿಗೂ ಬಂದ ದಿನ ಆ ಒಂದೂವರೆಯನ್ನು ನಾನೇ ಬಂದು ತಿದ್ದುತ್ತೇನೆ. ಅಲ್ಲಿಯವರೆಗೆ ಸೇರುವವರು ನೆಲಮಹಡಿಯದನ್ನೋ ಮೊದಲ ಮಹಡಿಯದನ್ನೋ ಕೇಳಿ, ಬಿಸಿನೀರಿಗೆ ಅರ್ಧ ಬಕೆಟ್ ಹೋದರೆ ಹೋಗಲಿ.

ನನ್ನ ಮಂಚ ಈಗ ಖಾಲಿಯಿದೆ. ಮೇಲೆಯೇ ಬೇಕೆನ್ನುವವರಿಗೆ: ಕಿಟಕಿಯ ಪಕ್ಕದ್ದು, ಗಾಳಿ ಚೆನ್ನಾಗಿ ಬರುತ್ತದೆ, ಎದುರು ಮನೆಯ ನಾಯಿ ನಾಲ್ಕೂವರೆಗೆ ಎಬ್ಬಿಸುತ್ತದೆ. ಕಪಾಟಿನ ಚಿಲಕ ಸಡಿಲವಾಗಿದೆ. ಮುಂಗಡ ಕೊಡುವ ಮೊದಲೇ ಸರಿಮಾಡಿಸಿಕೊಳ್ಳಿ.